ದಾವಣಗೆರೆಗೆ ಸಿಮೆಂಟ್ ರೇಕ್‌ನಲ್ಲಿ ತರಿಸಬೇಕಾ, ಲಾರಿಯಲ್ಲಾ? ಅಂಗಡಿ ಬಾಗಿಲವರೆಗಿನ ಲೆಕ್ಕ ಹಾಕುವ ಬಗೆ

ಸೇಡಂ, ಮಳಖೇಡ, ವಾಡಿ ಕಡೆಯ ಕಾರ್ಖಾನೆಗಳಿಂದ ದಾವಣಗೆರೆಗೆ ಸಿಮೆಂಟ್ ಬರಲು ಎರಡು ದಾರಿ ಇವೆ. ಒಂದು ಲಾರಿ. ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್, ಹೊಸಪೇಟೆ ಮೇಲೆ ಬರಬಹುದು. ಇನ್ನೊಂದು ರೈಲು. ವಾಡಿಯಿಂದ ರಾಯಚೂರು, ಗುಂತಕಲ್, ಬಳ್ಳಾರಿ, ರಾಯದುರ್ಗ, ಚಿತ್ರದುರ್ಗ, ಚಿಕ್ಕಜಾಜೂರು ಮೇಲೆ ಬಂದರೆ ಸುಮಾರು 500 ಕಿಲೋಮೀಟರ್. ರೈಲು ಸುತ್ತಿ ಬರುತ್ತದೆ, ಆದರೂ ಟನ್‌ಗೆ ಬಾಡಿಗೆ ಕಡಿಮೆ. ಹೊಸದಾಗಿ ಡಿಪೋ ಹಿಡಿದವರು ಈ ಬಾಡಿಗೆ ನೋಡಿಯೇ ರೇಕ್, ಅಂದರೆ ಇಡೀ ಗೂಡ್ಸ್ ರೈಲು, ಹೇಳಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ.

ನಮ್ಮ ಮೊದಲನೇ ರೇಕ್ ಬೆಳಿಗ್ಗೆ ಬರುತ್ತದೆ ಅಂತ ಹೇಳಿದ್ದರು. ಲಾರಿಯವರಿಗೆ, ಹಮಾಲರಿಗೆ ಆರು ಗಂಟೆಗೆ ಬರಲು ಹೇಳಿ ಮಲಗಿದ್ದೆ. ರಾತ್ರಿ 9:40ಕ್ಕೆ ಫೋನ್ ಬಂತು, ರೇಕ್ ಲೈನಿಗೆ ಹಾಕಿದ್ದಾರೆ, ಮೆಮೋ ತಗೊಳ್ಳಿ ಅಂತ. ರೇಕ್ ಇಳಿಸುವ ಆ ಗೂಡ್ಸ್ ಶೆಡ್‌ನಲ್ಲಿ ದಿನದ 24 ಗಂಟೆಯೂ ಕೆಲಸ ಇತ್ತು, ನನಗೆ ಅದು ಗೊತ್ತಿರಲಿಲ್ಲ. ಗಡಿಯಾರ ಆಗಲೇ ಓಡುತ್ತಿತ್ತು. ಹಮಾಲರ ಮೇಸ್ತ್ರಿ ಮನೆ ಬಾಗಿಲು ತಟ್ಟಿ ಎಬ್ಬಿಸುವಷ್ಟರಲ್ಲಿ ಹನ್ನೊಂದೂವರೆ. ಬಂದವರು ಇಪ್ಪತ್ತೆರಡು ಜನ, ಸಿಕ್ಕ ಲಾರಿ ಆರು. ಬೆಳಿಗ್ಗೆ ಎಲ್ಲರೂ ಬಂದರು, ಅಷ್ಟರಲ್ಲಿ ನಮಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂದಿತ್ತು. ಟನ್‌ಗೆ ಉಳಿಸಿದ್ದೆ ಅಂದುಕೊಂಡಿದ್ದ ದುಡ್ಡು ಎರಡೇ ದಿನದಲ್ಲಿ ಹೋಯಿತು.

ಅಲ್ಲಿಂದ ಮುಂದೆ ಪ್ರತಿ ರೇಕ್‌ಗೂ ಒಂದು ನೋಟ್‌ಬುಕ್ ಇಟ್ಟೆ. ಈ ಬರಹ ಆ ನೋಟ್‌ಬುಕ್‌ನಿಂದ ಬಂದದ್ದು. ನನಗೆ ಅರ್ಥವಾದದ್ದು ಇಷ್ಟು: ರೈಲಾ, ಲಾರಿಯಾ ಅನ್ನುವುದನ್ನು ತೀರ್ಮಾನಿಸುವುದು ದಾರಿಯ ಬಾಡಿಗೆ ಅಲ್ಲ. ಚೀಲವನ್ನು ಎಷ್ಟು ಸಲ ಎತ್ತಿ ಇಳಿಸುತ್ತೀರಿ, ರೇಕ್ ಬರುವ ಮುಂಚೆ ಎಷ್ಟು ಮಾಲು ಮಾರಿಟ್ಟಿದ್ದೀರಿ ಅನ್ನುವುದು.

ಮೊದಲ ಹೆಜ್ಜೆ: ಒಂದು ರೇಕ್ ಅಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟಿಕೊಳ್ಳಿ

ಚೀಲದ ಸಿಮೆಂಟ್ ಬರುವುದು ಮುಚ್ಚಿದ ವ್ಯಾಗನ್‌ನಲ್ಲಿ. ಹಳೆಯದು ಬಿಸಿಎನ್, ಹೊಸದು ಬಿಸಿಎನ್‌ಎಚ್‌ಎಲ್. ಬಿಸಿಎನ್ ರೇಕ್‌ನಲ್ಲಿ ಸುಮಾರು 42 ವ್ಯಾಗನ್ ಇರುತ್ತವೆ. ಬಿಸಿಎನ್‌ಎಚ್‌ಎಲ್‌ನಲ್ಲಿ 58ರವರೆಗೆ. ಲೆಕ್ಕಕ್ಕೆ 42 ವ್ಯಾಗನ್‌ನ ರೇಕ್ ತೆಗೆದುಕೊಳ್ಳೋಣ, ವ್ಯಾಗನ್‌ಗೆ 63 ಟನ್ ಅಂತ ಇಟ್ಟುಕೊಳ್ಳೋಣ. ಒಟ್ಟು 2,646 ಟನ್. 50 ಕೆಜಿಯ ಚೀಲದಲ್ಲಿ ಹೇಳಿದರೆ 52,920 ಚೀಲ.

ಇದನ್ನು ನಿಮ್ಮ ಮಾರಾಟದ ಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ 2,500 ಚೀಲ ಹೋಗುವ ಡಿಪೋಗೆ ಇದು 21 ದಿನದ ಮಾಲು. ಚೀಲಕ್ಕೆ 300 ರೂಪಾಯಿ ಹಿಡಿದರೆ ಒಂದೂವರೆ ಕೋಟಿಗೂ ಜಾಸ್ತಿ ಹಣ ಗೋಡೌನ್‌ನಲ್ಲಿ ಕೂರುತ್ತದೆ. ದಿನ ದಿನ ಖಾಲಿಯಾಗುತ್ತಾ ಹೋಗುವುದರಿಂದ ಸರಾಸರಿ ಅರ್ಧ ಹಣಕ್ಕೆ ಬಡ್ಡಿ. ವರ್ಷಕ್ಕೆ 12 ಪರ್ಸೆಂಟ್ ಆದರೂ ಒಂದು ರೇಕ್‌ಗೆ ಸುಮಾರು 55,000 ರೂಪಾಯಿ, ಅಂದರೆ ಟನ್‌ಗೆ 21 ರೂಪಾಯಿ ಆಯಿತು. ಲಾರಿಯಲ್ಲಿ ತರಿಸುವವರು ಮೂರ್ನಾಲ್ಕು ದಿನದ ಮಾಲು ಇಟ್ಟುಕೊಂಡರೆ ಸಾಕು.

ದಿನಕ್ಕೆ ಐನೂರು ಚೀಲ ಮಾರುವವರು ಪೂರ್ತಿ ರೇಕ್ ಯೋಚನೆ ಬಿಡಿ. ಅದು ಮೂರು ತಿಂಗಳ ಮೇಲಿನ ಮಾಲು. ಸಿಮೆಂಟ್ ಅಷ್ಟು ದಿನ ಕೂತರೆ ಬಲ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ ಗಂಟು ಕಟ್ಟುತ್ತದೆ. ಅಂಥವರಿಗೆ 20 ವ್ಯಾಗನ್ ಆಸುಪಾಸಿನ ಮಿನಿ ರೇಕ್ ಇದೆ. ಒಂದು ರೇಕ್ ಎರಡು ಶೆಡ್‌ಗೆ ಹಂಚಿ ಬರುವ ಟೂ ಪಾಯಿಂಟ್ ರೇಕ್ ಕೂಡ ಇದೆ. ಎರಡಕ್ಕೂ ದೂರದ ಮಿತಿ, ಯಾವ ಶೆಡ್ ಜೊತೆ ಯಾವ ಶೆಡ್ ಅನ್ನುವ ಪಟ್ಟಿ ಎಲ್ಲ ಇರುತ್ತದೆ, ಅದು ಆಗಾಗ ಬದಲಾಗುತ್ತದೆ. ಚಿತ್ರದುರ್ಗದ ಡೀಲರ್ ಜೊತೆ ಸೇರಿ ತರಿಸುವ ಆಸೆ ಇದ್ದರೆ ಮೊದಲು ಗೂಡ್ಸ್ ಕಚೇರಿಯಲ್ಲಿ ಆ ಜೋಡಿಗೆ ಅವಕಾಶ ಇದೆಯಾ ಅಂತ ಕೇಳಿ, ಆಮೇಲೆ ಪಾಲುದಾರರ ಹತ್ತಿರ ಮಾತಾಡಿ.

ಎರಡನೇ ಹೆಜ್ಜೆ: ಅಂಗಡಿ ಬಾಗಿಲವರೆಗೆ ಲೆಕ್ಕ ಹಾಕಿ

ಮುಂದಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡವು. ನೀವು ಕೂತಾಗ ಅವತ್ತಿನ ನಿಮ್ಮ ದರ ಹಾಕಿ.

ಎಲ್ಲ ಸರ್‌ಚಾರ್ಜ್, ತೆರಿಗೆ ಸೇರಿ ರೈಲು ಬಾಡಿಗೆ ಟನ್‌ಗೆ 900 ರೂಪಾಯಿ. ಲಾರಿ ಬಾಡಿಗೆ 1,150. ನೋಡಿದ ತಕ್ಷಣ ರೈಲಿಗೆ 250 ರೂಪಾಯಿ ಲಾಭ ಇದೆ ಅನ್ನಿಸುತ್ತದೆ ಅಲ್ವಾ?

ಈಗ ಚೀಲದ ಹಿಂದೆ ನಡೆಯಿರಿ. ರೈಲಿನ ಚೀಲವನ್ನು ವ್ಯಾಗನ್‌ನಿಂದ ಲಾರಿಗೆ ಹಾಕಲು ಹಮಾಲಿ 90. ಆರು ಕಿಲೋಮೀಟರ್ ದೂರದ ಗೋಡೌನ್‌ಗೆ ಲಾರಿ 110. ಅಲ್ಲಿ ಇಳಿಸಲು 80. ಹರಿದ ಚೀಲ, ಗುಡಿಸಿದ ಸಿಮೆಂಟ್, ಶೆಡ್‌ನ ಚಿಲ್ಲರೆ ಖರ್ಚು 20. ಇಲ್ಲಿಗೆ 1,200 ಆಯಿತು. ಮಾಲು ಇನ್ನೂ ಗೋಡೌನ್‌ನಲ್ಲೇ ಇದೆ. ಮತ್ತೆ ಲಾರಿಗೆ ಏರಿಸಲು 80, ಮಲೆಬೆನ್ನೂರು, ಜಗಳೂರಿನಂಥ ಊರಿನ ಅಂಗಡಿಗೆ ಮುಟ್ಟಿಸಲು 200. ಒಟ್ಟು 1,480.

ಅದೇ ಲಾರಿ ಕಾರ್ಖಾನೆಯಿಂದ ನೇರ ಅಂಗಡಿಗೆ ಹೋದರೆ 1,150, ಎರಡು ಮೂರು ಕಡೆ ನಿಲ್ಲಿಸಿ ಇಳಿಸಲು 40, ಒಟ್ಟು 1,190. ಲಾರಿ ಮಾಲೂ ಗೋಡೌನ್‌ಗೆ ಬಂದು ಮತ್ತೆ ಹೊರಟರೆ ಇಳಿಸಲು 80, ಏರಿಸಲು 80, ಮುಟ್ಟಿಸಲು 200 ಸೇರಿ 1,510. ರೈಲಿನ ಮಾಲು ಗೋಡೌನ್ ಮುಟ್ಟದೆ ಶೆಡ್‌ನಿಂದಲೇ ಅಂಗಡಿಗೆ ಹೋದರೆ 1,210.

| ದಾರಿ | ಗೋಡೌನ್ ಮೂಲಕ | ನೇರ ಅಂಗಡಿಗೆ |
|---|---|---|
| ರೈಲು | 1,480 | 1,210 |
| ಲಾರಿ | 1,510 | 1,190 |

ಈ ಪಟ್ಟಿಯನ್ನು ಅಡ್ಡಡ್ಡ ನೋಡಿ. ಒಂದೊಂದು ಸಾಲಿನಲ್ಲೂ ಗೋಡೌನ್‌ಗೂ ನೇರಕ್ಕೂ ಹತ್ತಿರ ಹತ್ತಿರ 300 ರೂಪಾಯಿ ವ್ಯತ್ಯಾಸ. ಮೇಲೆ ಕೆಳಗೆ ನೋಡಿದರೆ ರೈಲಿಗೂ ಲಾರಿಗೂ ಇರುವುದು 20, 30 ರೂಪಾಯಿ ಮಾತ್ರ. ನಿಜವಾದ ದುಡ್ಡು ಇರುವುದು ಗೋಡೌನ್ ತಪ್ಪಿಸುವುದರಲ್ಲಿ.

ಲಾರಿಯಲ್ಲಿ ತರಿಸುವವರು ಆರ್ಡರ್ ಬಂದ ಹಾಗೆ ಕಳಿಸುತ್ತಾರೆ, ಆದ್ದರಿಂದ ನೂರಕ್ಕೆ 60 ಪಾಲು ನೇರ ಹೋಗಬಹುದು. ಅವರ ಸರಾಸರಿ 1,318. ರೇಕ್ ತರಿಸಿ 20 ಪಾಲು ಮಾತ್ರ ನೇರ ಕಳಿಸಿದರೆ ನಮ್ಮ ಸರಾಸರಿ 1,426. ಟನ್‌ಗೆ 108 ರೂಪಾಯಿ ನಷ್ಟ, ಒಂದು ರೇಕ್‌ಗೆ 2,85,000 ಮೇಲೆ. ಬಡ್ಡಿ ಇನ್ನೂ ಸೇರಿಸಿಲ್ಲ. 40 ಪಾಲು ನೇರ ಹೋದರೆ 1,372ಕ್ಕೆ ಇಳಿಯುತ್ತದೆ. 60 ಮಾಡಿದರೆ ಸರಿಸಮ.

ಹಾಗಾದರೆ ರೇಕ್ ಯಾಕೆ ಬೇಕು? ಎರಡು ಕಾರಣಕ್ಕೆ. ಒಂದು ದೂರ. ಲಾರಿ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ರೈಲಿನ ದರ ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರ್‌ಗೆ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ 250ರ ಬದಲು 400 ಆದರೆ, 20 ಪಾಲು ನೇರ ಕಳಿಸಿದರೂ ರೇಕ್ ಗೆಲ್ಲುತ್ತದೆ. ಇನ್ನೊಂದು ಲಾರಿ ಬಾಡಿಗೆಯ ಏರಿಳಿತ. ಲಾರಿಯವರು ವಾಪಸ್ ಲೋಡ್ ನೋಡಿ ದರ ಹೇಳುತ್ತಾರೆ. ಮೆಕ್ಕೆಜೋಳ ಎಪಿಎಂಸಿಗೆ ಬರುವ ದಿನಗಳಲ್ಲಿ ದಾವಣಗೆರೆಗೆ ಬಂದ ಲಾರಿಗೆ ವಾಪಸ್ ಲೋಡ್ ಗ್ಯಾರಂಟಿ. ಆಗ ಸಿಮೆಂಟ್ ಬಾಡಿಗೆಗೆ ಚೌಕಾಸಿ ಮಾಡಬಹುದು. ಜೋಳ ಮುಗಿದ ಮೇಲೆ ಖಾಲಿ ಹೋಗಬೇಕು ಅಂತ ಎರಡೂ ಕಡೆಯ ಡೀಸೆಲ್ ಕೇಳುತ್ತಾರೆ. ಲಾರಿ ಬಾಡಿಗೆ ನೂರು ರೂಪಾಯಿ ಏರಿದರೆ ಸಾಕು, 40 ಪಾಲು ನೇರ ಕಳಿಸುವ ರೇಕ್ ಟನ್‌ಗೆ 46 ರೂಪಾಯಿ ಉಳಿಸುತ್ತದೆ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, 400 ಕಿಲೋಮೀಟರ್ ಒಳಗಿನ ಕಾರ್ಖಾನೆಗೆ ಲಾರಿಯನ್ನೇ ಖಾಯಂ ಇಟ್ಟುಕೊಳ್ಳಿ. ಲಾರಿ ದರ ಏರುವ ತಿಂಗಳಿಗೆ ರೇಕ್ ಹೇಳಿ. ವರ್ಷವಿಡೀ ರೇಕ್ ಅಂತ ಒಪ್ಪಂದ ಮಾಡಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಶೆಡ್‌ಗೆ ಹೋಗಿ ನಡೆದು ನೋಡಿ

ರೇಕ್ ಹೇಳುವ ಮುಂಚೆ ಒಂದು ಬೆಳಿಗ್ಗೆ ಗೂಡ್ಸ್ ಶೆಡ್‌ನಲ್ಲಿ ಕಳೆಯಿರಿ. ಬೇರೆಯವರ ರೇಕ್ ಇಳಿಯುತ್ತಿರುವ ದಿನವೇ ಹೋದರೆ ಒಳ್ಳೆಯದು.

ಮೊದಲು ಉದ್ದ. ಪೂರ್ತಿ ರೇಕ್ ಯಾವುದಾದರೂ 600ರಿಂದ 650 ಮೀಟರ್ ಇರುತ್ತದೆ. ಪ್ಲಾಟ್‌ಫಾರಂ ಉದ್ದಕ್ಕೂ ಹೆಜ್ಜೆ ಹಾಕಿ ಅಳೆಯಿರಿ. ಲೈನ್ ಚಿಕ್ಕದಾದರೆ ರೇಕ್ ಎರಡು ತುಂಡಾಗಿ ಬರುತ್ತದೆ. ಆಗ ಒಂದೊಂದು ತುಂಡಿಗೆ ಹೊತ್ತು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಮೇಲ್ಛಾವಣಿ ಎಷ್ಟು ವ್ಯಾಗನ್ ಉದ್ದಕ್ಕೆ ಇದೆ ಅಂತಲೂ ಎಣಿಸಿ. ಚಾವಣಿ ಇಲ್ಲದ ಕಡೆ ನಿಲ್ಲುವ ವ್ಯಾಗನ್‌ಗಳ ಮಾಲನ್ನು ಮಳೆಗಾಲದಲ್ಲಿ ಕೆಳಗೆ ಇಳಿಸಲೇಬಾರದು, ನೇರ ಲಾರಿಗೇ ಹಾಕಬೇಕು.

ಆಮೇಲೆ ಲಾರಿ ದಾರಿ. ವ್ಯಾಗನ್ ಬಾಗಿಲಿಗೆ ಹಿಂದಾಗಿ ನಿಂತ ಲಾರಿಯ ಮುಂದೆ ಇನ್ನೊಂದು ಲಾರಿ ಹಾದು ಹೋಗಲು ಜಾಗ ಇದೆಯಾ? ಇಲ್ಲದಿದ್ದರೆ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಹತ್ತು ಲಾರಿ ನಿಲ್ಲುತ್ತವೆ. ಊರೊಳಗೆ ಭಾರಿ ವಾಹನಕ್ಕೆ ಹೊತ್ತಿನ ನಿರ್ಬಂಧ ಇದ್ದರೆ ಅದನ್ನೂ ಕೇಳಿಕೊಳ್ಳಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಲಾರಿ ಓಡದಿದ್ದರೆ ರೇಕ್ ಇಳಿಸಲು ಸಿಗುವ ಒಂಬತ್ತು ಗಂಟೆಯಲ್ಲಿ ಉಳಿಯುವುದು ಐದು.

ಕೊನೆಗೆ ಮೂರು ಪ್ರಶ್ನೆ. ಈ ಶೆಡ್ 24 ಗಂಟೆ ಕೆಲಸ ಮಾಡುತ್ತದೆಯೋ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಾತ್ರವೋ? ಈ ತಿಂಗಳು ಗೊಬ್ಬರದ, ಪಡಿತರ ಅಕ್ಕಿಯ ರೇಕ್ ಎಷ್ಟು ಬರುತ್ತಿವೆ? ಶೆಡ್ ತುಂಬಿದರೆ ಬುಕಿಂಗ್ ನಿಲ್ಲಿಸಿದ್ದಾರಾ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಶೆಡ್ ಮೇಲೆ ನಿರ್ಬಂಧ ಹಾಕಿದ್ದರೆ ಕಾರ್ಖಾನೆಯಲ್ಲಿ ವ್ಯಾಗನ್ ಇದ್ದರೂ ನಿಮ್ಮ ಊರಿಗೆ ಬುಕ್ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ವ್ಯಾಗನ್ ಯಾವಾಗ ಸಿಗುತ್ತದೆ ಅಂತ ಅಂದಾಜು ಮಾಡಿ

ವ್ಯಾಗನ್‌ಗೆ ಇಂಡೆಂಟ್ ಹಾಕುವುದು ಮಾಲು ಕಳಿಸುವವರು. ಈಗ ಅದು ರೈಲ್ವೆಯ ಫಾಯ್ಸ್ ವ್ಯವಸ್ಥೆಯಲ್ಲಿ, `fois.indianrail.gov.in` ಮೂಲಕ, ಆನ್‌ಲೈನ್ ಆಗುತ್ತದೆ. ನೋಂದಣಿ ಶುಲ್ಕ ಕಟ್ಟಬೇಕು. ಬೇಡ ಅಂತ ರದ್ದು ಮಾಡಿದರೆ ಆ ದುಡ್ಡು ಹೋಗಬಹುದು. ಇಂಡೆಂಟ್ ಹಾಕಿದ ಮಾತ್ರಕ್ಕೆ ರೇಕ್ ಬರುವುದಿಲ್ಲ. ಸಾಲು ಇರುತ್ತದೆ, ಆ ಸಾಲಿನಲ್ಲೂ ಮಾಲಿನ ಪ್ರಕಾರ ಮುಂದೆ ಹಿಂದೆ ಇರುತ್ತದೆ. ಆಹಾರ ಧಾನ್ಯ, ವಿದ್ಯುತ್ ಸ್ಥಾವರದ ಕಲ್ಲಿದ್ದಲಿಗೆಲ್ಲ ಆದ್ಯತೆ. ಸಾಮಾನ್ಯ ಸಿಮೆಂಟ್ ಅವುಗಳ ಹಿಂದೆ.

ಇಲ್ಲಿ ಒಂದು ವಿಷಯ ಸರಿಯಾಗಿ ಹಿಡಿದುಕೊಳ್ಳಿ. ಕಲ್ಲಿದ್ದಲು, ಕಬ್ಬಿಣದ ಅದಿರು ಹೋಗುವುದು ಮೇಲೆ ತೆರೆದ ಬಾಕ್ಸ್‌ಎನ್ ವ್ಯಾಗನ್‌ನಲ್ಲಿ. ಸಿಮೆಂಟ್‌ಗೆ ಬೇಕಾದದ್ದು ಮುಚ್ಚಿದ ವ್ಯಾಗನ್. ಆದ್ದರಿಂದ ಬಳ್ಳಾರಿ, ಚಿತ್ರದುರ್ಗದ ಅದಿರು ಲೋಡಿಂಗ್ ಜೋರಾದರೆ ನಿಮ್ಮ ವ್ಯಾಗನ್ ನೇರವಾಗಿ ಕಡಿಮೆ ಆಗುವುದಿಲ್ಲ. ಮುಚ್ಚಿದ ವ್ಯಾಗನ್‌ಗೆ ನಿಮ್ಮ ಎದುರಾಳಿಗಳು ಬೇರೆ. ಏಪ್ರಿಲ್, ಮೇನಲ್ಲಿ ಉತ್ತರದ ಗೋಧಿ ಸಂಗ್ರಹ, ಬಿತ್ತನೆ ಹೊತ್ತಿಗೆ ಗೊಬ್ಬರ. ಆ ದಿನಗಳಲ್ಲಿ ಇಂಡೆಂಟ್ ಹಾಕಿ ವಾರ ಕಾದರೂ ಸುದ್ದಿ ಇರುವುದಿಲ್ಲ.

ಆದರೆ ವ್ಯಾಗನ್ ಇದ್ದ ಮಾತ್ರಕ್ಕೆ ರೇಕ್ ಓಡುವುದಿಲ್ಲ. ಎಂಜಿನ್ ಬೇಕು, ಡ್ರೈವರ್ ಬೇಕು, ಲೈನಿನಲ್ಲಿ ಜಾಗ ಬೇಕು. 2022ರ ಏಪ್ರಿಲ್, ಮೇನಲ್ಲಿ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಮುಟ್ಟಿಸಲು ಎಷ್ಟೋ ಪ್ಯಾಸೆಂಜರ್ ರೈಲುಗಳನ್ನೇ ರದ್ದು ಮಾಡಿದ್ದರು. ಅಂಥ ದಿನಗಳಲ್ಲಿ ಸಿಮೆಂಟ್ ರೇಕ್ ಲೋಡ್ ಆದರೂ ದಾರಿಯಲ್ಲಿ ನಿಲ್ಲುತ್ತದೆ.

ಇದಕ್ಕೆ ನಾನು ಮಾಡುವುದು ಇಷ್ಟೇ. ಇಂಡೆಂಟ್ ಹಾಕಿದ ತಾರೀಖು, ರೇಕ್ ಸಿಕ್ಕ ತಾರೀಖು, ಲೋಡ್ ಆದ ಹೊತ್ತು, ಇಲ್ಲಿ ಲೈನಿಗೆ ಹಾಕಿದ ಹೊತ್ತು, ಈ ನಾಲ್ಕನ್ನು ಪ್ರತಿ ಸಲ ಬರೆಯುತ್ತೇನೆ. ಐದಾರು ರೇಕ್ ಆದ ಮೇಲೆ ನಿಮ್ಮ ದಾರಿಗೆ ಎಷ್ಟು ದಿನ ಬೇಕು ಅನ್ನುವುದು ತಾನೇ ಕಾಣುತ್ತದೆ. ಸರಾಸರಿ ನೋಡಬೇಡಿ, ಅತಿ ತಡವಾದದ್ದನ್ನು ನೋಡಿ. ಅತಿ ತಡವಾಗಿ ಬಂದದ್ದು 16 ದಿನ ಅಂತಿದ್ದರೆ ಗೋಡೌನ್‌ನಲ್ಲಿ 16 ದಿನದ ಮಾಲು ಇರುವಾಗಲೇ ಇಂಡೆಂಟ್ ಹಾಕಿಸಿ. ಅಷ್ಟು ಮಾಲು ಇಡಲು ಜಾಗ ಇಲ್ಲದವರು ಆ ಮಧ್ಯದ ದಿನಕ್ಕೆ ಐದಾರು ಲಾರಿ ಹೇಳಿಟ್ಟುಕೊಳ್ಳಬೇಕು.

ಐದನೇ ಹೆಜ್ಜೆ: ಒಂಬತ್ತು ಗಂಟೆ

ಮುಚ್ಚಿದ ವ್ಯಾಗನ್‌ನ ರೇಕ್ ಇಳಿಸಲು ಪುಕ್ಕಟೆ ಸಿಗುವ ಹೊತ್ತನ್ನು 9 ಗಂಟೆ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ವ್ಯಾಗನ್ ಜಾತಿಯ ಮೇಲೆ ಇದು ಬದಲಾಗುತ್ತದೆ, ನಿಮ್ಮ ರೇಕ್‌ನದು ಎಷ್ಟು ಅಂತ ಮೆಮೋ ತೆಗೆದುಕೊಳ್ಳುವಾಗಲೇ ಖಚಿತ ಮಾಡಿಕೊಳ್ಳಿ. ಹೊತ್ತು ಶುರುವಾಗುವುದು ರೇಕ್ ಊರಿಗೆ ಬಂದಾಗಲ್ಲ, ಇಳಿಸುವ ಲೈನಿಗೆ ಹಾಕಿದಾಗ. 9 ಗಂಟೆ ಮುಗಿದ ಮೇಲೆ ಡೆಮರೇಜ್. ಗಂಟೆಗೆ ಒಂದು ವ್ಯಾಗನ್‌ಗೆ 150 ರೂಪಾಯಿ ಹಿಡಿದರೆ 42 ವ್ಯಾಗನ್‌ಗೆ ಗಂಟೆಗೆ 6,300. ಹತ್ತು ನಿಮಿಷ ತಡವಾದರೂ ಪೂರ್ತಿ ಗಂಟೆಯ ಲೆಕ್ಕ. 39 ವ್ಯಾಗನ್ ಖಾಲಿಯಾಗಿ ಮೂರು ಉಳಿದಿದ್ದರೆ ಮೂರಕ್ಕೆ ಮಾತ್ರ ಬೀಳುತ್ತದೆ ಅಂದುಕೊಳ್ಳಬೇಡಿ. ರೇಕ್ ಬಿಡುಗಡೆ ಆಗುವುದು ಕೊನೆಯ ವ್ಯಾಗನ್ ಖಾಲಿಯಾದಾಗ.

52,920 ಚೀಲವನ್ನು 9 ಗಂಟೆಗೆ ಹಂಚಿದರೆ ಗಂಟೆಗೆ 5,880 ಚೀಲ. ಒಬ್ಬ ಹಮಾಲ ಮೊದಲ ಒಂದು ಗಂಟೆ ನೂರು ಚೀಲ ಹೊರಬಹುದು. ಊಟ, ನೀರು, ಬಿಸಿಲು ಎಲ್ಲ ಸೇರಿ ಇಡೀ ದಿನಕ್ಕೆ ಗಂಟೆಗೆ 65 ಹಿಡಿಯಿರಿ. ಅಂದರೆ 90 ಜನ ಬೇಕು. ಮೇಸ್ತ್ರಿ ಅರವತ್ತು ಜನ ಸಾಕು ಸಾರ್ ಅಂದರೆ ಅವರು ಹದಿಮೂರು, ಹದಿನಾಲ್ಕು ಗಂಟೆಯ ಕೆಲಸ ಹೇಳುತ್ತಿದ್ದಾರೆ ಅಂತ ಅರ್ಥ. ಆ ಹೆಚ್ಚಿನ ಐದು ಗಂಟೆಗೆ ಡೆಮರೇಜ್ 31,500. ಮೂವತ್ತು ಜನರ ಕೂಲಿ ಅದಕ್ಕಿಂತ ಕಡಿಮೆಯಾ ಅಂತ ಅಲ್ಲೇ ಕೂತು ನೋಡಿ.

ಲಾರಿ ಲೆಕ್ಕ ಇನ್ನೂ ಮುಖ್ಯ. ಹತ್ತು ಚಕ್ರದ ಲಾರಿಗೆ 18 ಟನ್ ಹಾಕಿದರೆ 147 ಟ್ರಿಪ್. ಗೋಡೌನ್ ಆರು ಕಿಲೋಮೀಟರ್. ತುಂಬಲು ಮುಕ್ಕಾಲು ಗಂಟೆ, ಹೋಗಲು ಇಪ್ಪತ್ತು ನಿಮಿಷ, ಇಳಿಸಲು ಮುಕ್ಕಾಲು ಗಂಟೆ, ವಾಪಸ್ ಕಾಲು ಗಂಟೆ. ಸುಮಾರು ಎರಡು ಗಂಟೆ ಆಯಿತು. 9 ಗಂಟೆಯಲ್ಲಿ ಒಂದು ಲಾರಿ ನಾಲ್ಕು ಟ್ರಿಪ್ ಹೊಡೆದರೆ ಪುಣ್ಯ. ಹಾಗಾದರೆ 37 ಲಾರಿ. ಅಂಗಡಿಗೆ ನೇರ ಹೋಗುವ ಲಾರಿಗಳು ದಿನಕ್ಕೆ ಎರಡೇ ಟ್ರಿಪ್ ಮಾಡುವುದರಿಂದ ನೇರದ ಪಾಲು ಹೆಚ್ಚಿದಂತೆ ಲಾರಿ ಸಂಖ್ಯೆ ಇನ್ನೂ ಏರುತ್ತದೆ. 60 ಪಾಲು ನೇರ ಅಂತ ಕಾಗದದ ಮೇಲೆ ಬರೆದರೆ ಅರವತ್ತರ ಹತ್ತಿರ ಲಾರಿ ಬೇಕಾಗುತ್ತದೆ. ನಮ್ಮಲ್ಲಿ 40 ದಾಟಿಸಲು ಆಗಿದ್ದು ಕಡಿಮೆ.

ಲಾರಿ ಕಡಿಮೆ ಬಿದ್ದಾಗ ಒಂದು ದಾರಿ ಇದೆ. ಚಾವಣಿ ಕೆಳಗಿನ ವ್ಯಾಗನ್‌ಗಳ ಮಾಲನ್ನು ಪ್ಲಾಟ್‌ಫಾರಂ ಮೇಲೆ ಪೇರಿಸಿ, ರೇಕ್ ಬಿಡಿಸಿ. ಡೆಮರೇಜ್ ನಿಲ್ಲುತ್ತದೆ. ಪ್ಲಾಟ್‌ಫಾರಂ ಮೇಲಿನ ಮಾಲಿಗೆ ವಾರ್ಫೇಜ್ ಬೇರೆ ಇದೆ, ಆದರೆ ಅದಕ್ಕೂ ಮೊದಲು ಶೆಡ್‌ನ ಗುಂಪಿನ ಪ್ರಕಾರ ಒಂದಿಷ್ಟು ಗಂಟೆ ಪುಕ್ಕಟೆ ಸಿಗುತ್ತದೆ. ಆ ಹೊತ್ತಿನಲ್ಲಿ ದೂರದ ಅಂಗಡಿಗಳ ಲಾರಿ ತುಂಬಿಸಬಹುದು. ಒಂದು ಸಲ ಹೆಚ್ಚು ಎತ್ತಿ ಇಳಿಸಿದ ಕೂಲಿ ಬೀಳುತ್ತದೆ ನಿಜ. ಗಂಟೆಗೆ 6,300ಕ್ಕಿಂತ ಅದು ವಾಸಿ. ಚೀಲಗಳನ್ನು ನೆಲಕ್ಕೆ ತಾಗಿಸಬೇಡಿ, ಕೆಳಗೆ ತಾಡಪಾಲು ಹಾಸಿ, ಮೇಲೆ ಇನ್ನೊಂದು ಇಟ್ಟಿರಿ.

ಇನ್ನೊಂದು ಮಾತು. ಬರೀ ಫೋನ್ ನಂಬಬೇಡಿ. ಲೋಡ್ ಆದ ಕೂಡಲೇ ರೈಲ್ವೆ ರಸೀದಿಯ, ಅಂದರೆ ಆರ್‌ಆರ್ ನಂಬರ್ ತರಿಸಿಕೊಂಡು ರೇಕ್ ಎಲ್ಲಿದೆ ಅಂತ ಫಾಯ್ಸ್‌ನಲ್ಲಿ ನೋಡುತ್ತಿರಿ. ಅದು ಬಳ್ಳಾರಿ ಬಿಟ್ಟಾಗ ಲಾರಿಯವರಿಗೆ ಒಂದು ಮಾತು ಹೇಳುತ್ತೇನೆ, ಚಿಕ್ಕಜಾಜೂರಿಗೆ ಬಂದಾಗ ಮೇಸ್ತ್ರಿಗೆ ಹೊತ್ತು ಹೇಳುತ್ತೇನೆ. ಚಿಕ್ಕಜಾಜೂರಿನಿಂದ ದಾವಣಗೆರೆ ಹತ್ತಿರ. ಅಲ್ಲಿಗೆ ಬಂದ ಮೇಲೆ ಯಾವಾಗ ಬೇಕಾದರೂ ಲೈನಿಗೆ ಬೀಳಬಹುದು ಅಂತ ತಯಾರಾಗಿರಬೇಕು.

ಆರನೇ ಹೆಜ್ಜೆ: ಬಾಗಿಲು ತೆಗೆಯುವ ಮುಂಚೆ

ಪ್ರತಿ ವ್ಯಾಗನ್‌ನ ಸೀಲ್ ನೋಡಿ, ನಂಬರ್ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಸೀಲ್ ಒಡೆದಿದ್ದರೆ, ಬಾಗಿಲ ಸಂದಿಯಲ್ಲಿ ನೀರಿನ ಗುರುತು ಇದ್ದರೆ ಅದನ್ನು ತೆಗೆಯಬೇಡಿ. ಗೂಡ್ಸ್ ಕಚೇರಿಯವರನ್ನು ಕರೆದು ಅವರ ಮುಂದೆ ತೆಗೆಸಿ, ಕೊರತೆಯನ್ನು ಬರೆಸಿಕೊಳ್ಳಿ. ಆರ್‌ಆರ್ ಮೇಲೆ ಕಳಿಸುವವರು ಹೇಳಿದಷ್ಟು ಮಾಲು ಅಂತ ಮಾತ್ರ ಬರೆದಿದ್ದರೆ, ಅಂದರೆ ರೈಲ್ವೆಯವರು ಎಣಿಸಿಲ್ಲದಿದ್ದರೆ, ಚೀಲ ಕಡಿಮೆ ಬಂತು ಅನ್ನುವುದನ್ನು ಸಾಬೀತು ಮಾಡುವ ಭಾರ ನಿಮ್ಮ ಮೇಲೇ ಬೀಳುತ್ತದೆ. 1989ರ ರೈಲ್ವೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಪರಿಹಾರದ ನೋಟಿಸನ್ನು ಆರು ತಿಂಗಳ ಒಳಗೆ ಕೊಡಬೇಕು. ಅಷ್ಟು ದಿನ ಇದೆಯಲ್ಲ ಅಂತ ಬಿಡಬೇಡಿ. ಆ ದಿನದ ಕಾಗದ ಆ ದಿನವೇ ಆಗದಿದ್ದರೆ ಆಮೇಲೆ ಯಾರೂ ಬರೆದುಕೊಡುವುದಿಲ್ಲ.

ಜೋರು ಮಳೆ ಬಂದು ಕೆಲಸ ನಿಂತರೂ ಹಾಗೇ. ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಕಚೇರಿಗೆ ಬರೆದು ಕೊಟ್ಟು ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಡೆಮರೇಜ್ ಮಾಫಿಗೆ ಅರ್ಜಿ ಹಾಕುವಾಗ ಆ ಒಂದು ಹಾಳೆಯೇ ಆಧಾರ. ಅರ್ಜಿಯನ್ನೂ ಬೇಗ ಹಾಕಿ.

ಕಲ್ಲಿದ್ದಲು ತರಿಸುವವರಿಗೆ

ಕಲ್ಲಿದ್ದಲಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಚೀಲ ಇಲ್ಲ, ಹಮಾಲಿ ಇಲ್ಲ. ಬಾಕ್ಸ್‌ಎನ್ ವ್ಯಾಗನ್‌ನ ಬಾಗಿಲು ತೆಗೆದು ನೆಲಕ್ಕೆ ಎಳೆದು, ಜೆಸಿಬಿಯಲ್ಲಿ ಟಿಪ್ಪರ್‌ಗೆ ತುಂಬುತ್ತಾರೆ. ಇಳಿಸುವ ಖರ್ಚು ಕಡಿಮೆ. ಆದರೆ ಸಿಮೆಂಟ್, ಅಕ್ಕಿ, ಗೊಬ್ಬರ ಇಳಿಯುವ ಪ್ಲಾಟ್‌ಫಾರಂನಲ್ಲಿ ಕಲ್ಲಿದ್ದಲು ಇಳಿಸಲು ಬಿಡದೆ ಇರಬಹುದು, ಮೊದಲೇ ಕೇಳಿ. ನೆಲ ಮಣ್ಣಿನದಾದರೆ ತಳದ ಒಂದು ಪದರ ಮಣ್ಣಿನ ಜೊತೆ ಹೋಗುತ್ತದೆ. ಬಂದರಿನಿಂದ ಬಂದ ಒದ್ದೆ ಮಾಲು ಒಣಗಿದಂತೆ ತೂಕ ಇಳಿಯುತ್ತದೆ. ಅದನ್ನು ಕಳ್ಳತನ ಅಂದುಕೊಂಡು ಟಿಪ್ಪರ್‌ನವರ ಜೊತೆ ಜಗಳ ಮಾಡುವವರನ್ನು ನೋಡಿದ್ದೇನೆ. ಬಂದ ದಿನವೇ ಹಿಡಿಯಷ್ಟು ಮಾಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಗಟ್ಟಿಯಾಗಿ ಕಟ್ಟಿ ತೇವಾಂಶ ಪರೀಕ್ಷೆಗೆ ಕಳಿಸಿದರೆ ಯಾವುದು ನೀರು, ಯಾವುದು ಕೊರತೆ ಅಂತ ಗೊತ್ತಾಗುತ್ತದೆ.

ದೊಡ್ಡ ತೊಂದರೆ ಗಾತ್ರದ್ದು. 58 ವ್ಯಾಗನ್, ವ್ಯಾಗನ್‌ಗೆ 68 ಟನ್ ಅಂದರೆ 3,944 ಟನ್. ದಿನಕ್ಕೆ 15 ಟನ್ ಉರಿಸುವ ಬಾಯ್ಲರ್‌ಗೆ ಇದು 260 ದಿನದ ಮಾಲು. ಅಷ್ಟು ದಿನ ಬಯಲಲ್ಲಿ ರಾಶಿ ಹಾಕಿದರೆ, ಅದರಲ್ಲೂ ಇಂಡೋನೇಷ್ಯಾದ ಮೆತ್ತನೆ ಕಲ್ಲಿದ್ದಲಾದರೆ, ಒಳಗೇ ಕಾವು ಹುಟ್ಟಿ ಹೊತ್ತಿಕೊಳ್ಳುತ್ತದೆ. ಅಂಥ ಬಾಯ್ಲರ್ ಇರುವವರು ವ್ಯಾಪಾರಿಯ ಡಂಪ್‌ನಿಂದ ವಾರಕ್ಕೆ ಐದಾರು ಲಾರಿ ತರಿಸುವುದೇ ಸರಿ. ಮಂಗಳೂರು ಕಡೆಯಿಂದ ತರಿಸುವವರು ಮಳೆಗಾಲಕ್ಕೆ ಮುಂಚೆ ಒಂದು ತಿಂಗಳ ಮಾಲು ಕೂಡಿಟ್ಟುಕೊಳ್ಳಿ. ಘಾಟಿಯಲ್ಲಿ ಗುಡ್ಡ ಜರಿದರೆ ರಸ್ತೆ ನಿಲ್ಲುತ್ತದೆ. ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ರೈಲು ದಾರಿಯೂ ನಿಲ್ಲುತ್ತದೆ.

ಹಾಗೆ ಕೂಡಿಟ್ಟ ರಾಶಿಯನ್ನು ಮೂರು ಮೀಟರ್ ಎತ್ತರ ದಾಟಿಸಬೇಡಿ, ಜೆಸಿಬಿ ಬಕೆಟ್‌ನಿಂದ ಒತ್ತಿ ಗಟ್ಟಿ ಮಾಡಿ. ವಾರಕ್ಕೊಮ್ಮೆ ಒಂದು ಉದ್ದನೆ ಕಬ್ಬಿಣದ ಸಲಾಕೆಯನ್ನು ನಾಲ್ಕೈದು ಕಡೆ ಆಳಕ್ಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಗೆಳೆದು ತುದಿಯ ಹತ್ತಿರ ಹುಷಾರಾಗಿ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಅಲ್ಲಿಗೆ ಮೇಲಿಂದ ನೀರು ಸುರಿಯಬೇಡಿ. ಆ ಭಾಗವನ್ನು ಅಗೆದು ತೆಳ್ಳಗೆ ಹರಡಿ ಆರಿಸಿ, ಮರುದಿನ ಬಾಯ್ಲರ್‌ಗೆ ಮೊದಲು ಅದನ್ನೇ ಹಾಕಿ.